ದುಡ್ಡು ಮುಗಿದ ಮೇಲೆ ಆರನೇ ಕಂತು: ಬಾಟಲ್ ಎಪಿಸೋಡೋ, ಹಳೇ ದೃಶ್ಯಗಳ ಜೋಡಣೆಯೋ, ಎರಡು ಯೂನಿಟ್ಟೋ?

ಕೊಡಗಿನಲ್ಲಿ ಜುಲೈ ತಿಂಗಳು ಶೂಟಿಂಗ್ ಇಟ್ಟುಕೊಂಡ ತಂಡಕ್ಕೆ ದುಡ್ಡು ಎಲ್ಲಿ ಹೋಯಿತು ಎಂದು ಯಾರೂ ಲೆಕ್ಕ ಹೇಳಬೇಕಾಗಿಲ್ಲ. ಮಳೆ ನಿಲ್ಲಲಿ ಎಂದು ವ್ಯಾನಿನಲ್ಲಿ ಕುಳಿತ ಪ್ರತಿ ಗಂಟೆಗೂ ಬಾಟಾ ಓಡುತ್ತದೆ, ಜನರೇಟರ್ ಡೀಸೆಲ್ ಕುಡಿಯುತ್ತದೆ, ಕಲಾವಿದರ ಕಾಲ್‌ಶೀಟ್ ಕರಗುತ್ತದೆ. ಎಂಟು ಕಂತಿನ ಸರಣಿಯಾದರೆ ಐದು ಮುಗಿಯುವ ಹೊತ್ತಿಗೆ ಪ್ರೊಡಕ್ಷನ್ ಮ್ಯಾನೇಜರ್ ಬಂದು, ಆರನೆಯದನ್ನು ಅರ್ಧ ಖರ್ಚಿನಲ್ಲಿ ಮುಗಿಸದಿದ್ದರೆ ಕೊನೆಯ ಎರಡಕ್ಕೆ ಏನೂ ಉಳಿಯುವುದಿಲ್ಲ ಅನ್ನುತ್ತಾನೆ. ಆಗ ಎದುರಿಗಿರುವ ದಾರಿಗಳು ಯಾವುವು, ಯಾವುದನ್ನು ಯಾವಾಗ ಹಿಡಿಯಬೇಕು ಎನ್ನುವುದಷ್ಟೇ ಇಲ್ಲಿಯ ಮಾತು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಸರಣಿಯನ್ನು ಕಲ್ಪಿಸಿಕೊಳ್ಳೋಣ. ನಾಪೋಕ್ಲು ಕಡೆಯ ಒಂದು ಹಳೇ ತೋಟದ ಮನೆ. ಶೂಟಿಂಗ್ ಮುಗಿಯುವವರೆಗೂ ಬಾಡಿಗೆಗೆ ಹಿಡಿದದ್ದು. ತಂದೆ ತೀರಿಕೊಂಡಿದ್ದಾರೆ, ಕಾಫಿ ತೋಟದ ಪಾಲಿನ ವಿಚಾರದಲ್ಲಿ ಅಣ್ಣ ಪೂವಯ್ಯನಿಗೂ ತಂಗಿ ಸೀತಮ್ಮನಿಗೂ ಮಾತಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಶಿವಣ್ಣ ಇಬ್ಬರಿಗೂ ಬೇಕಾದವನು. ಆರನೇ ಕಂತು ಬರೆದಿರುವ ಪ್ರಕಾರ ತೋಟದಿಂದ ಮಡಿಕೇರಿಯ ಕೋರ್ಟಿಗೆ, ಅಲ್ಲಿಂದ ಕುಶಾಲನಗರದ ಸಂತೆಗೆ, ಆಮೇಲೆ ತಲಕಾವೇರಿಗೆ ಹೋಗುತ್ತದೆ. ಒಂಬತ್ತು ಜನ ನಟರು, ಆರು ದಿನದ ಶೆಡ್ಯೂಲ್, ಮೂವತ್ತಾರು ಪುಟದ ಸ್ಕ್ರಿಪ್ಟ್. ಕೈಯಲ್ಲಿರುವ ದುಡ್ಡು ಮೂರು ದಿನಕ್ಕೆ.

ಎಲ್ಲರಿಗೂ ಮೊದಲು ಹೊಳೆಯುವುದು ಕತೆಯನ್ನು ಹಾಗೇ ಇಟ್ಟುಕೊಂಡು ಅಲ್ಲಲ್ಲಿ ಕತ್ತರಿಸುವುದು. ಸಂತೆಯಲ್ಲಿ ಇನ್ನೂರು ಜನದ ಬದಲು ಇಪ್ಪತ್ತು ಜನ, ಕೋರ್ಟಿನ ಒಳಗಿನ ದೃಶ್ಯ ಕೋರ್ಟಿನ ಮೆಟ್ಟಿಲ ಮೇಲೆ, ತಲಕಾವೇರಿಯ ಬದಲು ಯಾವುದೋ ಗುಡ್ಡ. ನನ್ನ ಮಟ್ಟಿಗೆ ನಾಲ್ಕು ದಾರಿಗಳಲ್ಲಿ ಇದೇ ಅತಿ ಕೆಟ್ಟದ್ದು. ಯೂನಿಟ್ ಆಗಲೂ ನಾಲ್ಕು ಕಡೆ ಓಡಾಡಲೇಬೇಕು, ಖರ್ಚಿನ ಬಹುಪಾಲು ಆ ಓಡಾಟದಲ್ಲೇ ಇದೆ. ಉಳಿಯುವುದು ಚಿಲ್ಲರೆ, ತೆರೆಯ ಮೇಲೆ ಕಾಣುವುದು ಬಡತನ.

ಉಳಿದ ಮೂರನ್ನು ನಿಧಾನವಾಗಿ ನೋಡಬಹುದು.

ಹಳೇ ದೃಶ್ಯಗಳನ್ನು ಜೋಡಿಸಿದರೆ

ಪಾತ್ರವೊಂದು ಜ್ವರ ಬಂದು ಮಲಗುತ್ತದೆ, ಹಿಂದಿನದ್ದೆಲ್ಲ ನೆನಪಾಗುತ್ತದೆ, ಎಡಿಟರ್ ಹಿಂದಿನ ಕಂತುಗಳ ತುಣುಕು ಸೇರಿಸುತ್ತಾನೆ. ಹೊಸದಾಗಿ ಚಿತ್ರೀಕರಿಸಬೇಕಾದ್ದು ಒಂದೋ ಎರಡೋ ದಿನದ ಕೆಲಸ. ಖರ್ಚಿನಲ್ಲಿ ಇದನ್ನು ಸೋಲಿಸುವ ದಾರಿ ಬೇರೆ ಇಲ್ಲ.

ಇದೂ, ಆಗಲೇ ಇರುವ ಒಂದೇ ಜಾಗದಲ್ಲಿ ಕೆಲವೇ ಪಾತ್ರಗಳಿಂದ ಮುಗಿಯುವ ಬಾಟಲ್ ಎಪಿಸೋಡೂ ಹೇಗೆ ಬೇರೆ ಎನ್ನುವುದಕ್ಕೆ ಒಂದೇ ಸರಣಿಯಲ್ಲಿ ಎರಡೂ ಉದಾಹರಣೆ ಇವೆ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಎರಡನೇ ಸೀಸನ್ನಿನ ಕೊನೆಗೆ ಬರುವಾಗ ಬಜೆಟ್ ಮೀರಿತ್ತು. 1989ರಲ್ಲಿ ಅವರು 'ಶೇಡ್ಸ್ ಆಫ್ ಗ್ರೇ' ಎಂಬ ಕಂತು ಮಾಡಿದರು. ಅಂತರಿಕ್ಷ ಹಡಗಿನ ಅಧಿಕಾರಿ ರೈಕರ್‌ಗೆ ಸೋಂಕು ತಗಲಿ ಪ್ರಜ್ಞೆ ತಪ್ಪುತ್ತದೆ, ಅವನ ಮೆದುಳನ್ನು ಕೆದಕಿದಾಗ ಹಳೇ ಕಂತುಗಳ ದೃಶ್ಯಗಳು ಬರುತ್ತವೆ, ಅಷ್ಟೇ. ಆ ಸರಣಿಯ ಅತಿ ದುರ್ಬಲ ಕಂತು ಯಾವುದೆಂದು ಕೇಳಿದರೆ ಅಭಿಮಾನಿಗಳು ಇವತ್ತಿಗೂ ಮೊದಲು ಹೇಳುವ ಹೆಸರುಗಳಲ್ಲಿ ಅದೊಂದು. ಎರಡು ವರ್ಷದ ಮೇಲೆ ಮತ್ತೆ ಕೈ ಬಿಗಿಯಾಯಿತು, ಸ್ಟುಡಿಯೋದವರು ಮತ್ತೆ ಅಂಥದ್ದೇ ಕಂತು ಕೇಳಿದರು. ಬರಹಗಾರರ ತಂಡ ಒಪ್ಪದೆ, ಇರುವ ಸೆಟ್ಟಿನಲ್ಲೇ ಮುಗಿಯುವ ಹೊಸ ಕತೆ ಕೊಡುತ್ತೇವೆ ಎಂದಿತು. 1991ರ 'ದಿ ಡ್ರಮ್‌ಹೆಡ್' ಹಾಗೆ ಹುಟ್ಟಿದ್ದು. ಹಡಗಿನೊಳಗೇ ಒಂದು ವಿಚಾರಣೆ, ಕೋಣೆಯೊಳಗಿನ ಮಾತು. ಭದ್ರತಾ ಅಧಿಕಾರಿ ವೋರ್ಫ್ ಮೊದಲು ಉತ್ಸಾಹದಿಂದ ವಿಚಾರಣೆ ನಡೆಸುವವರ ಪಕ್ಷ ಹಿಡಿದು, ಕೊನೆಗೆ ತಾನು ಯಾರ ಕೈಗೊಂಬೆಯಾದೆ ಎಂದು ತಿಳಿದು ಕ್ಯಾಪ್ಟನ್ ಪಿಕಾರ್ಡ್ ಮುಂದೆ ನಿಲ್ಲುತ್ತಾನೆ. ಆ ಇಬ್ಬರ ನಡುವಿನ ಗೌರವಕ್ಕೆ ಅಲ್ಲಿಂದ ಮುಂದೆ ಬೇರೆಯೇ ತೂಕ ಬರುತ್ತದೆ.

ಕಾರಣ ಸರಳ. ಹಳೇ ದೃಶ್ಯಗಳ ಕಂತಿನಲ್ಲಿ ಪಾತ್ರಗಳು ಆಗಲೇ ಪಟ್ಟ ಅನುಭವವನ್ನೇ ಮತ್ತೆ ಪಡುತ್ತವೆ, ಹೊಸದಾಗಿ ಒಬ್ಬರಿಗೊಬ್ಬರು ಏನನ್ನೂ ಮಾಡಿಕೊಳ್ಳುವುದಿಲ್ಲ. ನಮ್ಮ ಎಂಟು ಕಂತಿನ ಸರಣಿಗಂತೂ ಇದು ಆಗದ ಮಾತು. ಜನ ಐದು ಕಂತನ್ನು ಒಂದೇ ರಾತ್ರಿ ಕೂತು ನೋಡುತ್ತಾರೆ. ಎರಡು ಗಂಟೆ ಹಿಂದೆ ನೋಡಿದ್ದನ್ನೇ ಮತ್ತೆ ತೋರಿಸಿದರೆ ಸುಮ್ಮನಿರುವುದಿಲ್ಲ. ನೂರಾರು ಕಂತು ಕಳೆದ ದಿನನಿತ್ಯದ ಧಾರಾವಾಹಿಗಾದರೆ ಸೈ. ಅಲ್ಲಿ ಅರ್ಧ ಪ್ರೇಕ್ಷಕರಿಗೆ ಹಳೆಯದು ಮರೆತೇ ಹೋಗಿರುತ್ತದೆ.

ಯೂನಿಟ್ಟನ್ನು ಎರಡು ಮಾಡಿದರೆ

ಮುಖ್ಯ ನಟರನ್ನು ಒಂದು ಕಂತಿಗೆ ಬಿಟ್ಟುಕೊಟ್ಟು, ಪಕ್ಕದ ಪಾತ್ರಗಳನ್ನಿಟ್ಟು ಇನ್ನೊಂದು ಕಂತನ್ನು ಅದೇ ವಾರ ಮುಗಿಸುವುದು ಮೂರನೇ ದಾರಿ. 'ಡಾಕ್ಟರ್ ಹೂ' ಸರಣಿಯ 2007ರ 'ಬ್ಲಿಂಕ್' ಹಾಗೆ ಬಂದದ್ದು. ನಾಯಕ ಬೇರೆ ಕಂತಿನ ಶೂಟಿಂಗಿನಲ್ಲಿದ್ದುದರಿಂದ ಇದರಲ್ಲಿ ಸ್ವಲ್ಪವೇ ಕಾಣಿಸುತ್ತಾನೆ, ಆದರೂ ಕಂತು ಗೆದ್ದಿತು. ಇದು ಉಳಿಸುವುದು ದಿನಗಳನ್ನು, ನಟರ ಡೇಟನ್ನು. ಎರಡನೇ ಕ್ಯಾಮೆರಾ, ಎರಡನೇ ಲೈಟ್ ಸೆಟ್, ಇನ್ನೊಂದು ಸಾಲು ಊಟ, ಇನ್ನೊಬ್ಬ ನಿರ್ದೇಶಕ ಬೇಕೇ ಬೇಕು. ನಿಮ್ಮ ತೊಂದರೆ ಡೇಟಿನದ್ದಾದರೆ ಮುಂದೆ ಓದದೆ ಇದನ್ನೇ ಹಿಡಿಯಿರಿ. ದುಡ್ಡಿನದ್ದಾದರೆ ಇದು ಮದ್ದಲ್ಲ.

ಬಾಟಲ್ ಎಪಿಸೋಡ್: ಉಳಿತಾಯ ಬರುವುದು ಎಲ್ಲಿಂದ

ಒಂದೇ ಜಾಗ, ಆಗಲೇ ಇರುವ ಸೆಟ್, ಕೈಬೆರಳೆಣಿಕೆಯ ಪಾತ್ರಗಳು, ಹೊರಗಿನಿಂದ ಯಾರೂ ಬರುವುದಿಲ್ಲ. ಒಂದೇ ಜಾಗ ಎಂದ ಕೂಡಲೇ ಅಗ್ಗ ಎಂದು ತಿಳಿಯುವವರಿದ್ದಾರೆ. 'ದಿ ಎಕ್ಸ್-ಫೈಲ್ಸ್' ತಂಡ 1993ರಲ್ಲಿ 'ಐಸ್' ಎಂಬ ಕಂತನ್ನು ಉಳಿತಾಯಕ್ಕೆಂದೇ ಯೋಜಿಸಿತು. ಅಲಾಸ್ಕಾದ ಒಂದು ಸಂಶೋಧನಾ ಕೇಂದ್ರದೊಳಗೆ ಎಲ್ಲರೂ ಸಿಕ್ಕಿಬೀಳುವ ಕತೆ. ಆದರೆ ಆ ಕೇಂದ್ರ ಸರಣಿಯ ಕಾಯಂ ಸೆಟ್ಟುಗಳಲ್ಲಿ ಇರಲಿಲ್ಲ, ಅದಕ್ಕೆಂದೇ ಕಟ್ಟಬೇಕಾಯಿತು. ಕೊನೆಗೆ ಕಂತು ಬಜೆಟ್ ಮೀರಿತು. ಜೊತೆ ಕೆಲಸ ಮಾಡುವ ಎಫ್‌ಬಿಐ ಅಧಿಕಾರಿಗಳಾದ ಮಲ್ಡರ್ ಮತ್ತು ಸ್ಕಲ್ಲಿ ಒಬ್ಬರ ಮೇಲೊಬ್ಬರು ಪಿಸ್ತೂಲು ಎತ್ತುವ ಮಟ್ಟಕ್ಕೆ ಹೋಗಿ ಆಮೇಲೆ ನಂಬುವ ದೃಶ್ಯಗಳಿಂದ ಸಂಬಂಧ ಗಟ್ಟಿಯಾಯಿತು, ನಿಜ. ದುಡ್ಡು ಮಾತ್ರ ಉಳಿಯಲಿಲ್ಲ. ಆದ್ದರಿಂದ ಮೊದಲ ನಿಯಮ: ಬಾಟಲಿ ನಿಮ್ಮ ಹತ್ತಿರ ಆಗಲೇ ಇರಬೇಕು. ನಮ್ಮ ಕತೆಯಲ್ಲಿ ತೋಟದ ಮನೆಗೆ ಬಾಡಿಗೆ ಕೊಟ್ಟಾಗಿದೆ, ಕಲಾ ನಿರ್ದೇಶಕರ ಕೆಲಸ ಮುಗಿದಿದೆ. ಅದೇ ಬಾಟಲಿ. "ಒಂದು ಒಳ್ಳೇ ಹೋಮ್‌ಸ್ಟೇ ನೋಡಿದ್ದೀನಿ, ಅಲ್ಲಿ ಮಾಡೋಣ" ಎಂದು ಯಾರಾದರೂ ಅಂದರೆ ಬೇಡ ಎನ್ನಿ.

ಈಗ ಲೆಕ್ಕ. ಒಂದು ಸಲ ಲೊಕೇಶನ್ ಬದಲಾಯಿಸುವುದೆಂದರೆ ಕಟ್ಟಲು ಒಂದು ಗಂಟೆ, ನಾಪೋಕ್ಲು–ಮಡಿಕೇರಿ ರಸ್ತೆಯಲ್ಲಿ ಮಳೆಗಾಲದಲ್ಲಿ ಲಾರಿಗೆ ಇನ್ನೊಂದು ಗಂಟೆ, ಇಳಿಸಿ ಲೈಟ್ ಹಾಕಲು ಒಂದೂವರೆ ಗಂಟೆ ಅನ್ನೋಣ. ಮೂರೂವರೆ ಗಂಟೆ ಕ್ಯಾಮೆರಾ ಓಡದೆ ಹೋಯಿತು. ಇಂಥ ನಾಲ್ಕು ಬದಲಾವಣೆಗೆ ಹದಿನಾಲ್ಕು ಗಂಟೆ, ಅಂದರೆ ಹನ್ನೆರಡು ಗಂಟೆಯ ಒಂದು ಪೂರ್ತಿ ದಿನಕ್ಕೂ ಮೇಲೆ. ಒಂದೇ ಕೋಣೆಯಲ್ಲಾದರೆ ಮೊದಲ ದಿನ ಬೆಳಿಗ್ಗೆ ಹಾಕಿದ ಲೈಟು ಸಣ್ಣಪುಟ್ಟ ಬದಲಾವಣೆಯಲ್ಲೇ ಮೂರು ದಿನ ನಡೆಯುತ್ತದೆ. ಹೊರಾಂಗಣ ಇಲ್ಲವಾದ್ದರಿಂದ ಮಳೆ ನಿಲ್ಲಲೆಂದು ಕಾಯಬೇಕಾಗಿಲ್ಲ. ಆರು ದಿನದ ಶೆಡ್ಯೂಲಿನಲ್ಲಿ ದಿನಕ್ಕೆ ಆರು ಪುಟ ತೆಗೆಯುತ್ತಿದ್ದವರು ಹನ್ನೆರಡು ಪುಟ ತೆಗೆಯಬಹುದು. ಒಂಬತ್ತು ನಟರ ಬದಲು ಮೂವರ ಸಂಭಾವನೆ, ಸಂತೆಯ ಜೂನಿಯರ್ ಕಲಾವಿದರು ಇಲ್ಲ, ಅನುಮತಿಗಳ ಓಡಾಟ ಇಲ್ಲ.

ಆದರೆ ದಿನಕ್ಕೆ ಹನ್ನೆರಡು ಪುಟ ಸುಮ್ಮನೆ ಆಗುವುದಿಲ್ಲ. ಶೂಟಿಂಗಿಗೆ ಮುಂಚೆ ಒಂದು ದಿನ ಅದೇ ಕೋಣೆಯಲ್ಲಿ ಮೂವರೂ ನಟರು ಮತ್ತು ಛಾಯಾಗ್ರಾಹಕರು ಕ್ಯಾಮೆರಾ ಇಲ್ಲದೆ ಇಡೀ ಕಂತನ್ನು ನಡೆದು ನೋಡಬೇಕು. ಯಾರು ಯಾವ ಸಾಲಿಗೆ ಎಲ್ಲಿ ನಿಂತಿರುತ್ತಾರೆ ಎಂದು ನೆಲಕ್ಕೆ ಟೇಪ್ ಅಂಟಿಸಬೇಕು. ಈ ದಿನಕ್ಕೆ ಖರ್ಚು ಕಡಿಮೆ, ಯಾಕೆಂದರೆ ಲೈಟ್ ಯೂನಿಟ್ ಬರಬೇಕಾಗಿಲ್ಲ. ಇದನ್ನು ಉಳಿಸಲು ಹೋದವರು ಶೂಟಿಂಗ್ ದಿನ ಮಧ್ಯಾಹ್ನದವರೆಗೂ ಸೋಫಾ ಎಲ್ಲಿಡುವುದು ಎಂದು ಚರ್ಚೆ ಮಾಡುತ್ತಿರುತ್ತಾರೆ.

ಕೋಣೆಯ ಆಯ್ಕೆಯಲ್ಲೂ ನೋಡಬೇಕಾದ್ದಿದೆ. ಸ್ಟುಡಿಯೋ ಸೆಟ್ಟಿನಲ್ಲಿ ಗೋಡೆಯನ್ನೇ ಎತ್ತಿಟ್ಟು ಕ್ಯಾಮೆರಾ ಹಿಂದಕ್ಕೆ ಒಯ್ಯುತ್ತಾರೆ, ನಿಜವಾದ ಮನೆಯ ಗೋಡೆ ಎತ್ತಲಾಗದು. ಹಾಗಾಗಿ ಮೂರು ಕಡೆ ಬಾಗಿಲಿರುವ ನಡುಮನೆಯೇ ಸರಿ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ನಡುಕೋಣೆ, ಅಂದರೆ ನೆಲ್ಲಕ್ಕಿ ನಡುಬಾಡೆಯಂಥ ಜಾಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪಕ್ಕದ ಕೋಣೆಯ ಕತ್ತಲಲ್ಲಿ ಕ್ಯಾಮೆರಾ ಇಟ್ಟು ಬಾಗಿಲ ಚೌಕಟ್ಟಿನ ಮೂಲಕ ನೋಡಬಹುದು. (ಕುಟುಂಬದವರು ದೀಪ ಇಡುವ ಜಾಗ ಅದು. ನಿಜವಾದ ಐನ್‌ಮನೆಯಾದರೆ ಏನು ಮಾಡಬಹುದು, ಏನು ಮಾಡಬಾರದು ಎಂದು ಮೊದಲೇ ಹಿರಿಯರನ್ನು ಕೇಳಿ, ಶೂಟಿಂಗ್ ದಿನ ಕೇಳಬೇಡಿ.)

ಇನ್ನು ಶಬ್ದ. ಹೆಂಚಿನ ಮಾಡಿನ ಮೇಲೆ ಬೀಳುವ ಜುಲೈ ಮಳೆ ಎಷ್ಟು ಗದ್ದಲವೆಂದರೆ ಶೂಟಿಂಗ್ ಹೊತ್ತಿನಲ್ಲೇ ಮಾತು ಹಿಡಿಯುವ ಸಿಂಕ್ ಸೌಂಡ್ ಮರೆತುಬಿಡಬೇಕು. ಇಡೀ ಕಂತು ಪಿಸುಮಾತಿನ ಮೇಲೆ ನಿಂತಿರುವಾಗ ಅದನ್ನೆಲ್ಲ ಡಬ್ಬಿಂಗಿಗೆ ಹಾಕಿದರೆ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲಿ ಹೋಗುತ್ತದೆ, ಅಭಿನಯದ ಜೀವವೂ ಹೋಗುತ್ತದೆ. ಮೇಲೆ ಮರದ ಅಟ್ಟ ಇರುವ ಕೋಣೆಯಲ್ಲಿ ಸದ್ದು ಎಷ್ಟೋ ತಗ್ಗುತ್ತದೆ. ಸೌಂಡ್ ರೆಕಾರ್ಡಿಸ್ಟನ್ನು ಮಳೆ ಸುರಿಯುವಾಗಲೇ ಕರೆದುಕೊಂಡು ಹೋಗಿ ಕೇಳಿಸಬೇಕು. ಬಿಸಿಲಿರುವ ದಿನ ನೋಡಿ ಒಪ್ಪಿದ ಕೋಣೆ ಕೈಕೊಡುತ್ತದೆ.

ಕತೆ ರಾತ್ರಿಯಲ್ಲಿ ನಡೆಯಲಿ. ಹಗಲಿನ ಕತೆಯಾದರೆ ಕಿಟಕಿಯ ಬೆಳಕು ಮೋಡದ ಜೊತೆ ಬದಲಾಗುತ್ತಾ ಇರುತ್ತದೆ, ಮೂರು ದಿನ ತೆಗೆದದ್ದು ಒಂದೇ ಸಂಜೆ ಎಂದು ಯಾರೂ ನಂಬುವುದಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರೆ ಹಗಲಲ್ಲೇ ರಾತ್ರಿ ತೆಗೆಯಬಹುದು, ರಾತ್ರಿ ಪಾಳಿಯ ಖರ್ಚೂ ತಪ್ಪುತ್ತದೆ.

ಸಂಬಂಧ ಆಳವಾಗುವುದು ಹೇಗೆ

ಉಳಿತಾಯದ ಅರ್ಧ ಮ್ಯಾನೇಜರ್ ಕೈಯಲ್ಲಿದೆ. ಇನ್ನರ್ಧ ಬರಹಗಾರನ ಕೈಯಲ್ಲಿದೆ, ಕಷ್ಟದ್ದೂ ಅದೇ. ನಮ್ಮ ದಿನನಿತ್ಯದ ಧಾರಾವಾಹಿಗಳೂ ಒಂದೇ ಮನೆಯ ಹಾಲಿನಲ್ಲಿ ನಡೆಯುತ್ತವೆ, ಹಾಗೆಂದು ಅವು ಬಾಟಲ್ ಎಪಿಸೋಡ್ ಆಗುವುದಿಲ್ಲ. ಮಾತು ಬಿಸಿಯಾದ ಕೂಡಲೇ ಒಬ್ಬರು ಅಳುತ್ತಾ ಮೆಟ್ಟಿಲು ಹತ್ತುತ್ತಾರೆ, ಇನ್ನೊಬ್ಬರು ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಾರೆ. ಯಾರೂ ಯಾರ ಜೊತೆಯೂ ಸಿಕ್ಕಿಬಿದ್ದಿಲ್ಲ. ಬಾಟಲಿನಲ್ಲಿ ಎದ್ದು ಹೋಗುವ ಅವಕಾಶ ಇರುವುದಿಲ್ಲ, ಆದ್ದರಿಂದ ಬೇರೆ ಕಂತುಗಳಲ್ಲಿ ಅರ್ಧಕ್ಕೆ ನಿಂತ ಮಾತು ಇಲ್ಲಿ ಮುಂದುವರಿಯಲೇಬೇಕಾಗುತ್ತದೆ.

2010ರ 'ಬ್ರೇಕಿಂಗ್ ಬ್ಯಾಡ್' ಕಂತು 'ಫ್ಲೈ' ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಕೊಡಲು ಕಾರಣವೂ ಇದೆ. ಮೂರನೇ ಸೀಸನ್ನಿನ ಬಜೆಟ್ ಮೀರಿದ್ದರಿಂದಲೇ ಅದನ್ನು ಮಾಡಬೇಕಾಯಿತೆಂದು ಸರಣಿಯ ಕರ್ತೃ ವಿನ್ಸ್ ಗಿಲಿಗನ್ ಹೇಳಿದ್ದಾರೆ. ಜಾಗ ಆಗಲೇ ಕಟ್ಟಿದ್ದ ಲ್ಯಾಬಿನ ಸೆಟ್. ಅಲ್ಲಿ ಗುಟ್ಟಾಗಿ ಮಾದಕವಸ್ತು ತಯಾರಿಸುವ ವಾಲ್ಟ್, ಜೆಸ್ಸಿ, ಮತ್ತೆ ಒಂದು ನೊಣ. ನೊಣ ಹೋಗುವವರೆಗೆ ಕೆಲಸ ಶುರುಮಾಡುವುದಿಲ್ಲವೆಂದು ವಾಲ್ಟ್ ಹಟ ಹಿಡಿಯುತ್ತಾನೆ. ಜೆಸ್ಸಿ ಅವನ ಕಾಫಿಗೆ ನಿದ್ದೆಮಾತ್ರೆ ಹಾಕುತ್ತಾನೆ. ಮಂಪರಿನಲ್ಲಿ ವಾಲ್ಟ್ ಜೆಸ್ಸಿಯ ಪ್ರಿಯತಮೆ ಜೇನ್ ಸತ್ತ ರಾತ್ರಿಯ ಮಾತೆತ್ತುತ್ತಾನೆ. ಅವಳು ಸಾಯುವಾಗ ತಾನು ಪಕ್ಕದಲ್ಲೇ ನಿಂತಿದ್ದೆ, ಉಳಿಸಲಿಲ್ಲ ಎನ್ನುವುದು ಅವನಿಗೆ ಗೊತ್ತು, ನಮಗೆ ಗೊತ್ತು, ಜೆಸ್ಸಿಗೆ ಗೊತ್ತಿಲ್ಲ. ಆ ಹೊತ್ತಿಗೆ ಜೆಸ್ಸಿ ಏಣಿಯ ಮೇಲೆ ನಿಂತು ನೊಣ ಹುಡುಕುತ್ತಿರುತ್ತಾನೆ, ವಾಲ್ಟ್ ಕೆಳಗೆ ಏಣಿ ಹಿಡಿದಿರುತ್ತಾನೆ. ಜೇನ್ ವಿಷಯಕ್ಕೆ ಕ್ಷಮಿಸು ಅನ್ನುತ್ತಾನೆ, ಆದರೆ ನಿಜ ಹೇಳುವುದಿಲ್ಲ.

ಇಲ್ಲಿ ಕಲಿಯಬೇಕಾದ್ದು ನೊಣದ ಬಗ್ಗೆ ಅಲ್ಲ. ಆ ಗುಟ್ಟು ಹಿಂದಿನ ಸೀಸನ್ನಿನಲ್ಲೇ ಪ್ರೇಕ್ಷಕನ ಕೈಗೆ ಬಂದಿತ್ತು. ಬಾಟಲ್ ಕಂತು ಹೊಸ ಗುಟ್ಟು ಹುಟ್ಟಿಸುವುದಿಲ್ಲ, ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಹಾಗಾಗಿ ಎರಡನೇ ಕಂತಿಗೇ ದುಡ್ಡು ಮುಗಿದರೆ ಈ ದಾರಿ ಕಷ್ಟ, ಅಷ್ಟು ಹೊತ್ತಿಗೆ ಪಾತ್ರಗಳ ನಡುವೆ ಬಾಕಿ ಎನ್ನುವುದೇ ಇರುವುದಿಲ್ಲ.

ನಮ್ಮ ಆರನೇ ಕಂತಿಗೆ ಬರೋಣ. ಒಂಬತ್ತು ಜನರಲ್ಲಿ ಯಾರನ್ನು ಕೂಡಿಹಾಕುವುದು? ಐದು ಕಂತುಗಳಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದವರನ್ನು. ಪೂವಯ್ಯ, ಸೀತಮ್ಮ, ರೈಟರ್ ಶಿವಣ್ಣ. ತಂದೆ ಸಾಯುವ ಮುಂಚೆ ತನ್ನನ್ನು ಕರೆಯಲೇ ಇಲ್ಲ ಎಂಬ ಸಿಟ್ಟು ಪೂವಯ್ಯನದ್ದು. ತಂದೆ ಕರೆದಿದ್ದರು, ಮೈಸೂರಿಗೆ ಕಾಗದ ಬರೆಸಿದ್ದರು. ಅದು ಗೇಟು ದಾಟುವ ಮೊದಲೇ ಸೀತಮ್ಮನ ಕೈ ಸೇರಿ ಅಲ್ಲೇ ಉಳಿಯಿತು. ಇದು ಮೂರನೇ ಕಂತಿನಲ್ಲಿ ನಮಗೆ ಕಂಡಿದೆ. ಶಿವಣ್ಣನಿಗೆ ಗೊತ್ತು, ಆದರೆ ಇಬ್ಬರ ಉಪ್ಪೂ ತಿಂದವನು.

ಸಿಕ್ಕಿಬೀಳುವುದಕ್ಕೆ ಕಾರಣ ಕೊಡಗಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ತೋಟದ ರಸ್ತೆಗೆ ಸಿಲ್ವರ್ ಮರ ಬಿದ್ದಿದೆ, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಆದರೆ ಇಷ್ಟೇ ಆದರೆ ಮೂವರೂ ಮಲಗಿಬಿಡಬಹುದು. ಮಲಗಲಾಗದ ಕಾರಣವೂ ಬೇಕು: ಬೆಳಿಗ್ಗೆ ಹತ್ತಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರಾಟದ ನೋಂದಣಿ, ಇವತ್ತು ರಾತ್ರಿಯೇ ಪೂವಯ್ಯ ಕಾಗದಗಳಿಗೆ ಸಹಿ ಹಾಕಬೇಕು. ಸೀತಮ್ಮನಿಗೆ ಸಹಿ ಬೇಕು. ಪೂವಯ್ಯನಿಗೆ ತಂದೆಯ ಕೊನೇ ತಿಂಗಳ ತೋಟದ ಲೆಕ್ಕ ನೋಡಿದ ಮೇಲೇ ಸಹಿ. ಲೆಕ್ಕದ ಪುಸ್ತಕ, ಆಳುಗಳ ಹಾಜರಿ, ಕೂಲಿ ಬರೆದಿಡುವ ಆ ಹಳೇ ಚೆಕ್‌ರೋಲ್, ಶಿವಣ್ಣನ ಚೀಲದಲ್ಲಿದೆ.

ಜಗಳ ಹಳೇ ಕಾಗದದ ಮೇಲೆ ಶುರುವಾಗಬಾರದು. "ನಿನಗೆ ನೆನಪಿದೆಯಾ ಅಣ್ಣ" ಎಂದು ಒಂದು ಪಾತ್ರ ಬಾಯಿ ತೆರೆದರೆ ಅದು ಹಳೇ ದೃಶ್ಯಗಳ ಜೋಡಣೆಯೇ, ತುಣುಕುಗಳಿಲ್ಲದೆ. ಎದುರಿಗಿರುವ ವಸ್ತುವಿಗೆ ಜಗಳವಾಗಲಿ. ಪೂವಯ್ಯ ಚೆಕ್‌ರೋಲ್ ಕೇಳುತ್ತಾನೆ. "ಒದ್ದೆಯಾಗಿದೆ ಸಾವ್ಕಾರ್ರೆ, ಒಣಗಲಿ" ಅನ್ನುತ್ತಾನೆ ಶಿವಣ್ಣ. ಸೀತಮ್ಮ ತಾನೇ ಓದಿ ಹೇಳುತ್ತೇನೆಂದು ಟಾರ್ಚ್ ತೆಗೆದುಕೊಳ್ಳುತ್ತಾಳೆ. ಒಂದು ಪುಟದಲ್ಲಿ ಒಬ್ಬ ಆಳಿನ ಹೆಸರಿನ ಮುಂದೆ ಹಾಜರಿ ಗುರುತು ಇದೆ, ಪಕ್ಕದಲ್ಲಿ ಕೆಲಸದ ಜಾಗದಲ್ಲಿ ಕಸಿ ಎಂದೋ ಕಳೆ ಎಂದೋ ಇಲ್ಲ, 'ಮೈಸೂರಿಗೆ ಕಾಗದ' ಎಂದಿದೆ. ಸೀತಮ್ಮ ಆ ಸಾಲನ್ನು ಬಿಟ್ಟು ಓದುತ್ತಾಳೆ. ಶಿವಣ್ಣ ನೋಡುತ್ತಾನೆ. ಒಟ್ಟು ಕೂಡಿದಾಗ ಒಂದು ಆಳಿನ ಕೂಲಿ ಹೆಚ್ಚುಬರುತ್ತದೆ, ಲೆಕ್ಕ ತಪ್ಪಿದೆ ಎಂದು ಪೂವಯ್ಯ ಶಿವಣ್ಣನನ್ನು ಕಳ್ಳ ಅನ್ನುತ್ತಾನೆ. ಈಗ ಶಿವಣ್ಣ ತನ್ನ ಮಾನ ಉಳಿಸಿಕೊಳ್ಳಬೇಕಾದರೆ ಸೀತಮ್ಮನನ್ನು ಬಿಟ್ಟುಕೊಡಬೇಕು. ಆ ಕ್ಷಣದಲ್ಲಿ ಅವನು ಸಾವ್ಕಾರ್ರೆ ಅನ್ನುವುದನ್ನು ಬಿಟ್ಟು, ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಹುಡುಗರಾಗಿದ್ದಾಗ ಕರೆಯುತ್ತಿದ್ದ ಹಾಗೆ "ಪೂವಯ್ಯ" ಅಂದರೆ ಸಾಕು, ಒಂದು ಪುಟ ಸಂಭಾಷಣೆ ಉಳಿಯಿತು.

ಒಂದು ಎಚ್ಚರಿಕೆ: ಗೋಡೆಯ ಮೇಲಿನ ಕೋವಿಯನ್ನು ಆ ರಾತ್ರಿಗೆ ತೆಗೆದಿಡಿ. ಕೊಡಗಿನ ಮನೆ ಎಂದ ಕೂಡಲೇ ಅದನ್ನು ಫ್ರೇಮಿಗೆ ತರುವ ಆಸೆ ಎಲ್ಲ ಕಲಾ ನಿರ್ದೇಶಕರಿಗೂ ಬರುತ್ತದೆ. ಬಂದರೆ ಪ್ರೇಕ್ಷಕ ಕೋವಿ ಯಾವಾಗ ಸಿಡಿಯುತ್ತದೆ ಎಂದು ಕಾಯುತ್ತಾನೆ, ಚೆಕ್‌ರೋಲ್ ಕಡೆ ನೋಡುವುದಿಲ್ಲ.

ಮೂವರು ಎನ್ನುವ ಸಂಖ್ಯೆಗೂ ಅರ್ಥವಿದೆ. ಇಬ್ಬರಾದರೆ ನಟರಿಬ್ಬರೂ ಬಹಳ ಗಟ್ಟಿಗರಿರಬೇಕು. ಮೂವರಾದರೆ ಇಬ್ಬರು ಒಂದಾಗಿ ಒಬ್ಬರನ್ನು ಒತ್ತಬಹುದು, ಮರುಗಳಿಗೆ ಜೋಡಿ ಬದಲಾಗಬಹುದು. 1993ರ 'ಹೊಮಿಸೈಡ್: ಲೈಫ್ ಆನ್ ದ ಸ್ಟ್ರೀಟ್' ಸರಣಿಯ 'ತ್ರೀ ಮೆನ್ ಅಂಡ್ ಅಡೀನಾ' ಕಂತಿನಲ್ಲಿ ಬೇಲಿಸ್, ಪೆಂಬಲ್ಟನ್ ಎಂಬ ಇಬ್ಬರು ಪತ್ತೇದಾರರು, ಒಬ್ಬ ಕೊಲೆ ಶಂಕಿತ, ವಿಚಾರಣೆಗೆ ಹನ್ನೆರಡು ಗಂಟೆಯ ಗಡುವು. ಇವನೇ ಕೊಂದವನೆಂದು ಬೇಲಿಸ್‌ಗೆ ಮೊದಲು ಸಂದೇಹವೇ ಇಲ್ಲ, ಕೊನೆಗೆ ಅವನಿಗೇ ಅನುಮಾನ. ಅಷ್ಟು ಖಾತ್ರಿ ಇರದಿದ್ದ ಪೆಂಬಲ್ಟನ್‌ಗೆ ಆಗ ಖಾತ್ರಿಯಾಗಿರುತ್ತದೆ. ಶಂಕಿತ ತಪ್ಪು ಒಪ್ಪಿಕೊಳ್ಳುವುದಿಲ್ಲ, ಪ್ರಕರಣ ಬಗೆಹರಿಯುವುದಿಲ್ಲ. ಜೊತೆ ಕೆಲಸ ಮಾಡುವ ಇಬ್ಬರು ಜಾಗ ಅದಲುಬದಲು ಮಾಡಿಕೊಂಡರು, ಕಂತಿನ ಫಲ ಅದೇ. ಟಾಮ್ ಫಾಂಟಾನಾಗೆ ಇದರ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು.

ಸ್ಕ್ರಿಪ್ಟ್ ಹಂತದಲ್ಲೇ ಗೊತ್ತಾಗುವ ಸೋರಿಕೆ

ಆರನೇ ಕಂತು ಬರೆದ ಮೇಲೆ ಏಳನೆಯದನ್ನು ತೆಗೆದು ಓದಿ. ಅದರಲ್ಲಿ ಒಂದು ಸಾಲನ್ನೂ ಬದಲಾಯಿಸಬೇಕಾಗಿಲ್ಲ ಎಂದಾದರೆ ನಿಮ್ಮ ಬಾಟಲಿನಲ್ಲಿ ಏನೂ ನಡೆದಿಲ್ಲ. ನಮ್ಮ ಉದಾಹರಣೆಯಲ್ಲಿ ಏಳರ ಮೊದಲ ದೃಶ್ಯದಲ್ಲಿ ಶಿವಣ್ಣ ಜಗಲಿಯ ಕೆಳಗೆ ನಿಂತು ಮಾತಾಡುತ್ತಿದ್ದವನು ಈಗ ಮೇಲೆ ಬಂದು ಕೂರಬೇಕು, ಇಲ್ಲವೇ ಕೆಲಸ ಬಿಟ್ಟಿರಬೇಕು. ಎರಡರಲ್ಲೊಂದು.

ಇನ್ನೊಂದು, ಮಧ್ಯದಲ್ಲಿ ಫೋನ್ ಬರುತ್ತದೆಯೇ, ಯಾರಾದರೂ ಬಾಗಿಲು ತಟ್ಟುತ್ತಾರೆಯೇ ನೋಡಿ. ಮೂವತ್ತು ನಿಮಿಷ ಕಳೆದ ಮೇಲೆ ಬರಹಗಾರನಿಗೆ ಉಸಿರುಕಟ್ಟಿ ಹೊರಗಿನಿಂದ ಸುದ್ದಿ ತರಿಸುವ ಚಪಲ ಬರುತ್ತದೆ. ಸುದ್ದಿ ಬಂದರೆ ಪಾತ್ರಗಳು ಒಬ್ಬರನ್ನೊಬ್ಬರು ಬಿಟ್ಟು ಸುದ್ದಿಯ ಕಡೆ ತಿರುಗುತ್ತವೆ, ಜೊತೆಗೆ ನಾಲ್ಕನೇ ನಟನ ಸಂಭಾವನೆಯೂ ಸೇರುತ್ತದೆ.

ಐದನೇ ಕಂತು ಎಲ್ಲಿ ನಿಲ್ಲುತ್ತದೆ ಎನ್ನುವುದೂ ಮುಖ್ಯ. ಅದು ಯಾರೋ ಅಪಹರಣವಾದಲ್ಲಿ ನಿಂತಿದ್ದರೆ, ಆರನೆಯದರಲ್ಲಿ ಮೂವರು ಕೂತು ಕೂಲಿ ಲೆಕ್ಕ ನೋಡುವುದನ್ನು ಜನ ಕ್ಷಮಿಸುವುದಿಲ್ಲ. 'ಫ್ಲೈ' ಕಂತಿನಲ್ಲಿ ಏನೂ ನಡೆಯುವುದಿಲ್ಲ ಎಂದು ಬೈಯುವವರು ಇವತ್ತಿಗೂ ಇದ್ದಾರೆ. ಹಾಗೆ ಕುತೂಹಲದ ತುದಿಯಲ್ಲಿ ನಿಂತಿದ್ದರೆ ಬಾಟಲನ್ನು ಏಳಕ್ಕೆ ತಳ್ಳಿ, ಆರಕ್ಕೆ ಬೇಕಾದ ದಿನಗಳನ್ನು ಆಮೇಲೆ ಉಳಿಯುವ ದುಡ್ಡಿನ ಲೆಕ್ಕದಲ್ಲಿ ಈಗಲೇ ಕೇಳಿ ಇಟ್ಟುಕೊಳ್ಳಿ.

ಕೋರ್ಟು, ಸಂತೆ, ತಲಕಾವೇರಿ ಏನಾದವು? ಕೋರ್ಟಿನ ಬದಲು ನೋಂದಣಿಯ ಗಡುವು ಬಂತು, ಸಂತೆ ಬೇಕಾಗಿಯೇ ಇರಲಿಲ್ಲ. ತಲಕಾವೇರಿಯನ್ನು ಎಂಟನೇ ಕಂತಿಗೆ ಇಟ್ಟುಕೊಂಡರೆ ಮಳೆ ತಗ್ಗಿದ ಮೇಲೆ ಹೋಗಬಹುದು. ಆದರೆ ಅಕ್ಟೋಬರಿನ ತುಲಾ ಸಂಕ್ರಮಣದ ಜನಜಾತ್ರೆಯ ದಿನಗಳನ್ನು ಬಿಟ್ಟು ಡೇಟ್ ಹಾಕಿ. ಆರನೇ ಕಂತಿನಲ್ಲಿ ಉಳಿದ ಮೂರು ದಿನದ ಖರ್ಚನ್ನು ಆ ಶೆಡ್ಯೂಲಿನ ಹೆಸರಿಗೆ ಬರೆಸಿ ನಿರ್ಮಾಪಕರ ಸಹಿ ಹಾಕಿಸಿಕೊಳ್ಳಿ. ಬರೆಸದಿದ್ದರೆ ಅದು ಡಬ್ಬಿಂಗ್ ಥಿಯೇಟರ್ ಬಾಡಿಗೆಯಲ್ಲಿ ಕರಗಿ ಹೋಗುತ್ತದೆ.